ಮೊದಲ ದಿನ ಸಿಲಬಸ್ ಓದಿ ಹೇಳುವುದು ಬಿಟ್ಟು ಬೇರೆ ಏನು ಮಾಡಬಹುದು?

ಹೊಸಮೇಷ್ಟ್ರು
ಮುಂದಿನ ವಾರ ಮೊದಲ ವರ್ಷದವರಿಗೆ ಸಂಖ್ಯಾಶಾಸ್ತ್ರದ ಪರಿಚಯ ಕೋರ್ಸ್ ಶುರು ಮಾಡಬೇಕು. ಮೊದಲ ತರಗತಿ ಒಂದು ಗಂಟೆ. ಸಿಲಬಸ್‌ನಲ್ಲಿ ಐದು ಯೂನಿಟ್ ಇವೆ: ಮಾಹಿತಿ ಸಂಗ್ರಹ ಮತ್ತು ಸ್ಯಾಂಪ್ಲಿಂಗ್, ಮಾಹಿತಿಯ ಸಾರಾಂಶ, ಸಂಭವನೀಯತೆ, ಹೈಪಾಥೆಸಿಸ್ ಟೆಸ್ಟಿಂಗ್, ರಿಗ್ರೆಷನ್. ಅದರ ಮುಂದೆ "ಕೋರ್ಸ್ ಮುಗಿದಾಗ ವಿದ್ಯಾರ್ಥಿಗಳು" ಅಂತ ಒಂದು ಪಟ್ಟಿ, 14 ಸಾಲು. ಎಲ್ಲಾ ಸಾಲೂ "ತಿಳಿದುಕೊಳ್ಳುತ್ತಾರೆ", "ಅರಿಯುತ್ತಾರೆ" ಅಂತಲೇ ಮುಗಿಯುತ್ತವೆ. ಇದನ್ನು ಓದಿ ಹೇಳಿದರೆ ಹತ್ತು ನಿಮಿಷದಲ್ಲಿ ಅರ್ಧ ತರಗತಿ ಫೋನ್ ನೋಡುತ್ತಿರುತ್ತದೆ. ಆದರೆ ಈ ಐದು ಯೂನಿಟ್ ಯಾಕಿವೆ, ಕೊನೆಗೆ ಇವರ ಕೈಯಲ್ಲಿ ಏನು ಮಾಡಲು ಬರುತ್ತದೆ ಅಂತ ಮೊದಲ ದಿನವೇ ಅವರಿಗೆ ಕಾಣಬೇಕು ಅನ್ನುವುದು ನನ್ನ ಆಸೆ. ಮಾಡಿ ನೋಡಿದವರು ಹೇಳಿ.

ಕೊನೆಬೆಂಚು
ವಿದ್ಯಾರ್ಥಿಯಾಗಿ ಹೇಳುತ್ತೇನೆ ಸರ್. ಮೊದಲ ದಿನ ನಾವು ಕಾಯುವುದು ಒಂದೇ ವಿಷಯಕ್ಕೆ. ಇಂಟರ್ನಲ್‌ಗೆ ಎಷ್ಟು, ಫೈನಲ್‌ಗೆ ಎಷ್ಟು, ಹಾಜರಾತಿ ಎಷ್ಟು ಬೇಕು. ಅದು ಗೊತ್ತಾಗುವವರೆಗೆ ಬೇರೆ ಏನು ಹೇಳಿದರೂ ತಲೆಗೆ ಹೋಗುವುದಿಲ್ಲ.

ಮಾತಿನಮಲ್ಲಿ
ಪರಿಚಯ ಅಂದರೆ ಮೊದಲು ಎಲ್ಲರೂ ಹೆಸರು ಹೇಳಿಕೊಳ್ಳಲಿ. ಪಕ್ಕದವರ ಬಗ್ಗೆ ಒಂದು ವಿಷಯ ಕೇಳಿ ತರಗತಿಗೆ ಹೇಳಬೇಕು, ಆಮೇಲೆ ನೀವೂ ನಿಮ್ಮ ಬಗ್ಗೆ ಹೇಳಿ. ವಾತಾವರಣ ಹಗುರಾಗುತ್ತದೆ. ನಾನು ಭಾಷಾ ತರಗತಿಯಲ್ಲಿ ಪ್ರತಿ ಸಲ ಹೀಗೇ ಮಾಡುವುದು.

ಹೊಸಮೇಷ್ಟ್ರು
@ಮಾತಿನಮಲ್ಲಿ ಥ್ಯಾಂಕ್ಸ್ ಮೇಡಂ, ಆದರೆ ನಾನು ಕೇಳಿದ್ದು ನಮ್ಮ ಪರಿಚಯ ಅಲ್ಲ, ಕೋರ್ಸಿನ ಪರಿಚಯ. ತರಗತಿಯಲ್ಲಿ ನೂರಕ್ಕಿಂತ ಜಾಸ್ತಿ ಜನ ಬೇರೆ ಇದ್ದಾರೆ.

ಲೆಕ್ಕದಮೇಡಂ
ಸಿಲಬಸ್ ಪಕ್ಕಕ್ಕಿಡಿ. ಕೊನೆಯ ಪರೀಕ್ಷೆಯಲ್ಲಿ ನೀವು ಕೇಳಬೇಕು ಅಂದುಕೊಂಡಿರುವ ಅತಿ ಮುಖ್ಯ ಪ್ರಶ್ನೆ ಯಾವುದು? ಅದನ್ನು ಮೊದಲು ಬರೆಯಿರಿ. ಮೊದಲ ದಿನ ತರಗತಿಗೆ ತೆಗೆದುಕೊಂಡು ಹೋಗಬೇಕಾದದ್ದು ಅದೇ.

ನಾನು ಬಳಸುವುದು ಇಂಥದ್ದು. ಬೋರ್ಡಿನ ಮೇಲೆ ಎರಡೇ ಸಾಲು ಬರೆಯುತ್ತೇನೆ:

ಹೊಸ ಔಷಧ ಪಡೆದ 100 ರೋಗಿಗಳಲ್ಲಿ 62 ಜನ ವಾರದೊಳಗೆ ಗುಣವಾದರು.
ಔಷಧ ಪಡೆಯದ 100 ರೋಗಿಗಳಲ್ಲಿ 50 ಜನ ವಾರದೊಳಗೆ ಗುಣವಾದರು.

ಈ ಅಂಕಿಗಳು ನಾನೇ ಕಟ್ಟಿದ್ದು, ಅದನ್ನೂ ಹೇಳಿಬಿಡುತ್ತೇನೆ. ಆಮೇಲೆ ಒಂದೇ ಪ್ರಶ್ನೆ: "ಔಷಧ ಕೆಲಸ ಮಾಡುತ್ತಾ?" ಕೈ ಎತ್ತಿಸುತ್ತೇನೆ. ಹೌದು ಅನ್ನುವವರು, ಇಲ್ಲ ಅನ್ನುವವರು, ಹೇಳಲು ಆಗುವುದಿಲ್ಲ ಅನ್ನುವವರು. ನಾನು ಯಾವ ಉತ್ತರವನ್ನೂ ಸರಿ ತಪ್ಪು ಅನ್ನುವುದಿಲ್ಲ. "ತೀರ್ಮಾನ ಹೇಳುವ ಮೊದಲು ನಿಮಗೆ ಇನ್ನೇನು ಗೊತ್ತಾಗಬೇಕು?" ಅಂತ ಕೇಳುತ್ತೇನೆ. ಅವರು ಕೇಳಿದ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಬೋರ್ಡಿನ ಮೇಲೆ ಬರೆಯುತ್ತಾ ಹೋಗುತ್ತೇನೆ.

ಸಿಲಬಸ್ ಹಾಳೆ ಹಂಚುವುದು ಇದಾದ ಮೇಲೆ.

ಹೊಸಮೇಷ್ಟ್ರು
ಮೇಡಂ, ಇದು ಚೆನ್ನಾಗಿದೆ. ಆದರೆ ಅಲ್ಲಿಂದ ಐದು ಯೂನಿಟ್‌ಗೆ ಹೇಗೆ ಬರುವುದು? ಸ್ವಲ್ಪ ಬಿಡಿಸಿ ಹೇಳುತ್ತೀರಾ?

ಲೆಕ್ಕದಮೇಡಂ
ನೀವು ಬರುವುದಲ್ಲ, ಅವರೇ ಬರುತ್ತಾರೆ. ನೋಡಿ, ಯಾವ ತರಗತಿಯಾದರೂ ಹೆಚ್ಚುಕಡಿಮೆ ಈ ಪ್ರಶ್ನೆಗಳು ಬಂದೇ ಬರುತ್ತವೆ.

"ಔಷಧ ಯಾರಿಗೆ ಕೊಟ್ಟರು? ಕಾಯಿಲೆ ಕಡಿಮೆ ಇದ್ದವರಿಗೇ ಕೊಟ್ಟಿದ್ದರೆ?" ಇದನ್ನು ಯಾರೋ ಒಬ್ಬರು ಮೊದಲ ಐದು ನಿಮಿಷದಲ್ಲೇ ಕೇಳುತ್ತಾರೆ. ಅದರ ಪಕ್ಕ ಯೂನಿಟ್ 1 ಅಂತ ಬರೆಯುತ್ತೇನೆ. ರೋಗಿಗಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿದರೆ ಏನಾಗುತ್ತದೆ, ವೈದ್ಯರೇ ಆರಿಸಿದರೆ ಏನಾಗುತ್ತದೆ ಅನ್ನುವುದು ಆ ಯೂನಿಟ್‌ನ ಜೀವ. ಇದು ಕೆಟ್ಟರೆ ಮುಂದಿನ ಯಾವ ಲೆಕ್ಕವೂ ಅದನ್ನು ಪೂರ್ತಿ ಸರಿ ಮಾಡಲಾರದು ಅಂತ ಅಲ್ಲೇ ಹೇಳುತ್ತೇನೆ.

"12 ಜನ ಜಾಸ್ತಿ ಅಂದರೆ ದೊಡ್ಡ ವ್ಯತ್ಯಾಸವಾ?" ಇದು ಯೂನಿಟ್ 2. 62 ಮತ್ತು 50ರ ನಡುವಿನ 12ನ್ನು ಹೇಗೆ ಹೇಳುವುದು? ನೂರಕ್ಕೆ 12 ಜಾಸ್ತಿ ಅಂತಲೂ ಹೇಳಬಹುದು. 50ಕ್ಕೆ ಹೋಲಿಸಿದರೆ 24% ಜಾಸ್ತಿ ಅಂತಲೂ ಹೇಳಬಹುದು. ಎರಡೂ ನಿಜ, ಕೇಳುವವರಿಗೆ ಅನಿಸುವುದು ಬೇರೆ ಬೇರೆ. ಜಾಹೀರಾತಿನವರು ಯಾವುದನ್ನು ಆರಿಸುತ್ತಾರೆ ಅಂತ ಕೇಳಿದರೆ ಇಡೀ ತರಗತಿ ಒಟ್ಟಿಗೆ ಉತ್ತರ ಕೊಡುತ್ತದೆ.

"ಸುಮ್ನೆ ಅದೃಷ್ಟದಿಂದ ಹೀಗೆ ಬಂದಿರಬಹುದಲ್ವಾ?" ಈ ಪ್ರಶ್ನೆ ಬಂದ ದಿನ ನನಗೆ ಖುಷಿಯೋ ಖುಷಿ. ಔಷಧದಲ್ಲಿ ಏನೂ ಇಲ್ಲದಿದ್ದರೂ ಎಷ್ಟು ಸಲ ಇಷ್ಟು ವ್ಯತ್ಯಾಸ ಬರಬಹುದು ಅಂತ ಲೆಕ್ಕ ಹಾಕಲು ಸಂಭವನೀಯತೆ ಬೇಕು, ಅದು ಯೂನಿಟ್ 3. ಆ ಲೆಕ್ಕ ಇಟ್ಟುಕೊಂಡು ಏನು ಹೇಳಬಹುದು, ಏನು ಹೇಳಬಾರದು ಅನ್ನುವುದು ಯೂನಿಟ್ 4.

ಅಷ್ಟು ಹೊತ್ತಿಗೆ ಬೋರ್ಡಿನ ಮೇಲೆ ಅವರ ಪ್ರಶ್ನೆಗಳು, ಪಕ್ಕದಲ್ಲಿ ಯೂನಿಟ್ ನಂಬರ್. ಆಮೇಲೆ ಹಾಳೆ ಕೊಟ್ಟರೆ ಅದನ್ನು ಓದಲು ಅವರಿಗೆ ಒಂದು ಕಾರಣ ಇರುತ್ತದೆ.

ಕೊನೆಬೆಂಚು
ಇಂಥ ತರಗತಿ ಆದರೆ ಮಾರ್ಕ್ಸ್ ವಿಷಯಕ್ಕೆ 20 ನಿಮಿಷ ಕಾಯಬಹುದು.

ನೇರನುಡಿ
ಒಂದು ಗಂಟೆ ಈ ಆಟ ಆಡುವುದಕ್ಕಿಂತ ಉತ್ತರ ಹೇಳಿಬಿಡಬಹುದಲ್ವಾ? ಎರಡು ಪ್ರಮಾಣಗಳ ಝಡ್ ಪರೀಕ್ಷೆ ಮಾಡಿ. ಝಡ್ ಸುಮಾರು 1.71. ಪಿ-ವ್ಯಾಲ್ಯೂ, ಅಂದರೆ ಔಷಧದಲ್ಲಿ ಏನೂ ಇಲ್ಲದಿದ್ದರೂ ಇಷ್ಟು ಅಥವಾ ಇನ್ನೂ ಜಾಸ್ತಿ ವ್ಯತ್ಯಾಸ ಬರುವ ಸಂಭವ, 0.087. ರೂಢಿಯ ಗಡಿ 0.05ಕ್ಕಿಂತ ಜಾಸ್ತಿ. ಹಾಗಾಗಿ ಔಷಧ ಕೆಲಸ ಮಾಡುವುದಿಲ್ಲ. ಮೊದಲ ದಿನವೇ ಇದನ್ನು ತೋರಿಸಿದರೆ "ಕೊನೆಗೆ ನೀವೂ ಹೀಗೆ ಮಾಡುತ್ತೀರಿ" ಅಂತ ಹೇಳಿದಂತಾಯಿತು.

ಲೆಕ್ಕದಮೇಡಂ
@ನೇರನುಡಿ ಲೆಕ್ಕ ಸರಿ, ಕೊನೆಯ ವಾಕ್ಯ ಸರಿ ಇಲ್ಲ. 0.087 ಅಂದರೆ "ಕೆಲಸ ಮಾಡುವುದಿಲ್ಲ" ಅಂತ ಅಲ್ಲ. "ಇಷ್ಟು ಮಾಹಿತಿಯಿಂದ ಗಟ್ಟಿಯಾಗಿ ಹೇಳಲು ಆಗುವುದಿಲ್ಲ" ಅಂತ. ಅದೇ ಅಂಕಿಗೆ 95% ಕಾನ್ಫಿಡೆನ್ಸ್ ಇಂಟರ್ವಲ್, ಅಂದರೆ ಈ ಮಾಹಿತಿಗೆ ಹೊಂದುವ ವ್ಯತ್ಯಾಸಗಳ ವ್ಯಾಪ್ತಿ, ಹಾಕಿ ನೋಡಿ. ನೂರಕ್ಕೆ ಸುಮಾರು 2 ಕಡಿಮೆಯಿಂದ ಹಿಡಿದು 26 ಜಾಸ್ತಿವರೆಗೆ ಹೋಗುತ್ತದೆ. ಒಂದು ತುದಿಯಲ್ಲಿ ಔಷಧದಿಂದ ಉಪಯೋಗವೇ ಇಲ್ಲ, ಇನ್ನೊಂದು ತುದಿಯಲ್ಲಿ ಬಹಳ ಒಳ್ಳೆಯ ಔಷಧ. ಎರಡಕ್ಕೂ ಜಾಗ ಇದೆ. ನನ್ನ ಕೋರ್ಸ್ ಮುಗಿಸಿದವರು ಮಾಡಬೇಕಾದ ಕೆಲಸವೇ ಇದು: ನೀವು ಈಗ ಬರೆದ ವಾಕ್ಯ ಎಲ್ಲಿ ಹಳಿ ತಪ್ಪಿತು ಅಂತ ಗುರುತಿಸುವುದು. ಅದಕ್ಕೇ 62 ಮತ್ತು 50 ಅಂತ ಆರಿಸಿದ್ದು. 80 ಮತ್ತು 50 ಅಂತ ಇಟ್ಟಿದ್ದರೆ ಎಲ್ಲರೂ ಹೌದು ಅನ್ನುತ್ತಿದ್ದರು, ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಮೊದಲ ದಿನ ಉತ್ತರ ಹೇಳಬೇಡಿ ಅನ್ನುವುದಕ್ಕೂ ಇದೇ ಕಾರಣ. ಸೂತ್ರ ಬೋರ್ಡಿನ ಮೇಲೆ ಬಂದ ಕ್ಷಣ ಅವರು ಯೋಚಿಸುವುದು ಬಿಟ್ಟು ಬರೆದುಕೊಳ್ಳಲು ಶುರು ಮಾಡುತ್ತಾರೆ.

ನೇರನುಡಿ
ಸರಿ, ಒಪ್ಪಿದೆ. ಆದರೆ ಏನೂ ಕೈಗೆ ಸಿಗದೆ ಮನೆಗೆ ಕಳಿಸುವುದೂ ಸರಿಯಲ್ಲ ಅಂತ ಈಗಲೂ ನನ್ನ ಅಭಿಪ್ರಾಯ.

ಇಸ್ಪೀಟುರಾಣಿ
ಸೂತ್ರ ಇಲ್ಲದೆ ಕೈಗೆ ಸಿಗುವಂತೆ ಮಾಡಬಹುದು. 200 ಕಾರ್ಡ್ ತೆಗೆದುಕೊಳ್ಳಿ. ಒಟ್ಟು ಗುಣವಾದವರು 112 ಜನ ಅಲ್ವಾ, 112 ಕಾರ್ಡಿನ ಮೇಲೆ ಟಿಕ್ ಹಾಕಿ. ಚೆನ್ನಾಗಿ ಕಲೆಸಿ, ನೂರು ನೂರರ ಎರಡು ಗುಡ್ಡೆ ಮಾಡಿ, ಎರಡರಲ್ಲೂ ಟಿಕ್ ಎಣಿಸಿ. ಔಷಧಕ್ಕೂ ಗುಣವಾಗುವುದಕ್ಕೂ ಸಂಬಂಧವೇ ಇಲ್ಲದಿದ್ದರೆ ಬರುವ ವ್ಯತ್ಯಾಸ ಅದು. ತರಗತಿಯಲ್ಲಿ ಕೈಯಿಂದ ಒಂದೆರಡು ಸಲ ಮಾಡಿ, ಉಳಿದದ್ದನ್ನು ಕಂಪ್ಯೂಟರಿಗೆ ಬಿಡಿ. ಸಾವಿರಾರು ಸಲ ಕಲೆಸಿದರೆ 12 ಅಥವಾ ಅದಕ್ಕಿಂತ ಜಾಸ್ತಿ ವ್ಯತ್ಯಾಸ, ಯಾವ ಕಡೆಗಾದರೂ ಸರಿ, ನೂರಕ್ಕೆ ಸುಮಾರು 12 ಸಲ ಬರುತ್ತದೆ.

ನೇರನುಡಿ
ಅದು ನನ್ನ 0.087ಕ್ಕೆ ಹೊಂದುವುದಿಲ್ಲವಲ್ಲ. ನೂರಕ್ಕೆ 9ರ ಹತ್ತಿರ ಬರಬೇಕಿತ್ತು.

ಇಸ್ಪೀಟುರಾಣಿ
ಹೊಂದುವುದಿಲ್ಲ, ಹೊಂದಬೇಕಾಗಿಯೂ ಇಲ್ಲ. ಒಟ್ಟು ಟಿಕ್ 112ಕ್ಕೆ ಕಟ್ಟಿಬಿದ್ದಿರುವುದರಿಂದ ಒಂದು ಗುಡ್ಡೆಯಲ್ಲಿ ಒಂದು ಜಾಸ್ತಿ ಆದರೆ ಇನ್ನೊಂದರಲ್ಲಿ ಒಂದು ಕಡಿಮೆ. ಅಂದರೆ ವ್ಯತ್ಯಾಸ 10, 12, 14 ಹೀಗೆ ಎರಡೆರಡಾಗಿ ಹಾರುತ್ತದೆ. ನಿಮ್ಮ ಝಡ್ ಲೆಕ್ಕ ಅದನ್ನು ನುಣುಪಾದ ಗೆರೆಯಾಗಿ ಎಣಿಸುತ್ತದೆ. ಆ ಹಾರಾಟಕ್ಕೆ ತಿದ್ದುಪಡಿ ಹಾಕಿದರೆ ನಿಮ್ಮ ಉತ್ತರವೂ 0.117ರ ಹತ್ತಿರ ಬರುತ್ತದೆ, ಮಾಡಿ ನೋಡಿ. ಇದನ್ನೆಲ್ಲ ಮೊದಲ ದಿನ ಹೇಳಬೇಡಿ ಅಷ್ಟೇ.

ಶಿಸ್ತಿನಸಿಪಾಯಿ
ಚರ್ಚೆ ದಾರಿ ತಪ್ಪುತ್ತಿದೆ. ಮೂಲ ಪ್ರಶ್ನೆ ಆ 14 ಸಾಲುಗಳದ್ದು. ಕಲಿಕೆಯ ಗುರಿಗಳನ್ನು ವಿಂಗಡಿಸುವ ಬ್ಲೂಮ್ ಅವರ ಆರು ಹಂತ 1956ರಿಂದ ಇದೆ, 2001ರಲ್ಲಿ ಪರಿಷ್ಕರಿಸಿದರು. ಪ್ರತಿ ಯೂನಿಟ್‌ಗೂ ಆರೂ ಹಂತದ ಒಂದೊಂದು ಕ್ರಿಯಾಪದ ಹಾಕಬೇಕು. "ತಿಳಿದುಕೊಳ್ಳುತ್ತಾರೆ" ತೆಗೆದು "ವಿಶ್ಲೇಷಿಸುತ್ತಾರೆ", "ಮೌಲ್ಯಮಾಪನ ಮಾಡುತ್ತಾರೆ" ಅಂತ ಹಾಕಿ. ಸಮಸ್ಯೆ ಮುಗಿಯಿತು.

ಲೆಕ್ಕದಮೇಡಂ
@ಶಿಸ್ತಿನಸಿಪಾಯಿ ಸರ್, ಅರ್ಧ ಸರಿ. "ತಿಳಿದುಕೊಳ್ಳುತ್ತಾರೆ" ಅನ್ನುವುದನ್ನು ಉತ್ತರ ಪತ್ರಿಕೆಯಲ್ಲಿ ನೋಡಲು ಆಗುವುದಿಲ್ಲ, ಅದು ಹೋಗಬೇಕು. ಆದರೆ ಕ್ರಿಯಾಪದ ಬದಲಿಸಿದ ಮಾತ್ರಕ್ಕೆ ಏನೂ ಬದಲಾಗುವುದಿಲ್ಲ. ಪ್ರತಿ ಯೂನಿಟ್‌ಗೂ ಆರೂ ಹಂತ ಬೇಕು ಅಂತ ಆ ಪಟ್ಟಿ ಮಾಡಿದವರು ಹೇಳಿಲ್ಲ. ಐದು ಯೂನಿಟ್‌ಗೆ 30 ಸಾಲು ಆಗುತ್ತದೆ, ಯಾರು ಓದುತ್ತಾರೆ?

ನನಗೆ ಉಪಯೋಗಕ್ಕೆ ಬಂದದ್ದು ರಾಬರ್ಟ್ ಮೇಗರ್ 1962ರಲ್ಲಿ ಹೇಳಿದ ಮೂರು ಪ್ರಶ್ನೆ. ವಿದ್ಯಾರ್ಥಿ ಏನು ಮಾಡುತ್ತಾನೆ, ಮಾಡುವಾಗ ಕೈಯಲ್ಲಿ ಏನಿರುತ್ತದೆ, ಎಷ್ಟು ಚೆನ್ನಾಗಿ ಮಾಡಿದರೆ ಸಾಕು. ಅದರ ಪ್ರಕಾರ ಯೂನಿಟ್ 4ರ ಸಾಲು ನನ್ನ ಹಾಳೆಯಲ್ಲಿ ಹೀಗಿದೆ: "ಎರಡು ಗುಂಪುಗಳ ಫಲಿತಾಂಶ ಮತ್ತು ಕ್ಯಾಲ್ಕುಲೇಟರ್ ಕೊಟ್ಟರೆ, ವ್ಯತ್ಯಾಸವನ್ನೂ ಅದರ ಇಂಟರ್ವಲ್ಲನ್ನೂ ಲೆಕ್ಕ ಹಾಕಿ, ಸಂಖ್ಯಾಶಾಸ್ತ್ರ ಓದದವರಿಗೆ ಅರ್ಥವಾಗುವಂತೆ ನಾಲ್ಕು ವಾಕ್ಯದಲ್ಲಿ ತೀರ್ಮಾನ ಬರೆಯುತ್ತೀರಿ. ಮಾಹಿತಿ ಹೇಳಿದ್ದಕ್ಕಿಂತ ಜಾಸ್ತಿ ಹೇಳಿದರೆ ಅಂಕ ಹೋಗುತ್ತದೆ."

ಇದನ್ನು ಓದಿದ ವಿದ್ಯಾರ್ಥಿಗೆ ಪರೀಕ್ಷೆಯಲ್ಲಿ ಏನು ಬರುತ್ತದೆ ಅಂತ ಅವತ್ತೇ ಗೊತ್ತಾಗುತ್ತದೆ. ಇಂಥವು ಕೋರ್ಸಿಗೆ ಐದಾರು ಸಾಕು.

ಶಿಸ್ತಿನಸಿಪಾಯಿ
ಸಮಿತಿಯ ಮುಂದೆ ಇಟ್ಟಾಗ ಇಂಥ ಭಾಷೆ ನಡೆಯುವುದಿಲ್ಲ ಮೇಡಂ.

ಲೆಕ್ಕದಮೇಡಂ
ಸಮಿತಿಗೆ ಅವರ ಹಾಳೆ ಕೊಡಿ. ವಿದ್ಯಾರ್ಥಿಗೆ ಅವನ ಹಾಳೆ ಕೊಡಿ. ಎರಡರಲ್ಲೂ ವಿಷಯ ಒಂದೇ ಇದ್ದರೆ ಆಯಿತು.

ಲ್ಯಾಬ್‌ಹುಲಿ
ನಮ್ಮ ಕಡೆ ಪ್ರೋಗ್ರಾಮಿಂಗ್ ಕೋರ್ಸ್. ಮೊದಲ ದಿನ ಹಿಂದಿನ ಬ್ಯಾಚಿನವರು ಕೊನೆಗೆ ಮಾಡಿದ ಪ್ರಾಜೆಕ್ಟ್ ಓಡಿಸಿ ತೋರಿಸುತ್ತೇನೆ. "ವರ್ಷದ ಕೊನೆಗೆ ನೀವೂ ಇದನ್ನು ಮಾಡುತ್ತೀರಿ" ಅಂದರೆ ಕಣ್ಣು ಅರಳುತ್ತದೆ. ಆದರೆ ಒಂದು ಎಚ್ಚರಿಕೆ. ತರಗತಿಯ ಅತಿ ಒಳ್ಳೆಯ ಪ್ರಾಜೆಕ್ಟ್ ತೋರಿಸಬೇಡಿ. ಅದು ಇಬ್ಬರು ಮೂವರಿಗೆ ಸಾಧ್ಯ, ಉಳಿದವರು ಅವತ್ತೇ ಹೆದರಿಬಿಡುತ್ತಾರೆ. ಪಾಸಾದ ಸಾಧಾರಣ ವಿದ್ಯಾರ್ಥಿಯದ್ದು ತೋರಿಸಿ. ಅದರಲ್ಲಿರುವ ಕೊರತೆಯನ್ನೂ ತೋರಿಸಿ.

ಲೆಕ್ಕದಮೇಡಂ
ಇದು ಬಹಳ ಒಳ್ಳೆಯ ಮಾತು. ನಾನೂ ಹಳೆಯ ಉತ್ತರಗಳಲ್ಲಿ ಒಂದನ್ನು ಹೆಸರು ತೆಗೆದು, ಬರೆದವರ ಒಪ್ಪಿಗೆ ಪಡೆದು ತೋರಿಸುತ್ತೇನೆ. ನಾಲ್ಕೇ ವಾಕ್ಯ ಇರುವುದರಿಂದ ಮೊದಲ ದಿನದವರಿಗೂ ಓದಲು ಆಗುತ್ತದೆ.

ಹಳೆಅಧ್ಯಾಪಕ
ನಾನು ತತ್ವಶಾಸ್ತ್ರ ಕಲಿಸುವವನು. ಈ ಇಡೀ ಯೋಚನೆಗೆ ನನ್ನ ವಿರೋಧ ಇದೆ. ಕೋರ್ಸ್ ಅಂದರೆ ಕೊನೆಗೆ ಇಂಥದ್ದು ಮಾಡಿ ತೋರಿಸುತ್ತೇನೆ ಅನ್ನುವ ಕರಾರು ಅಲ್ಲ. ಒಂದು ಪಠ್ಯವನ್ನು ಹದಿನೈದು ವಾರ ಜೊತೆಯಲ್ಲಿ ಓದಿದಾಗ ಯಾರಿಗೆ ಏನು ದಕ್ಕುತ್ತದೆ ಅಂತ ನನಗೇ ಮೊದಲು ಗೊತ್ತಿರುವುದಿಲ್ಲ. ಮೊದಲ ದಿನವೇ ಐದು ಸಾಲಿನಲ್ಲಿ ಕಟ್ಟಿಹಾಕಿದರೆ ಆರನೆಯದು ಬಂದಾಗ ವಿದ್ಯಾರ್ಥಿ "ಇದು ಪರೀಕ್ಷೆಗೆ ಬರುತ್ತಾ ಸರ್?" ಅಂತ ಕೇಳುತ್ತಾನೆ. ಆ ಪ್ರಶ್ನೆಯನ್ನು ನಾವೇ ಕಲಿಸಿಕೊಡುತ್ತಿದ್ದೇವೆ.

ಕೊನೆಬೆಂಚು
ಸರ್, ಆ ಪ್ರಶ್ನೆ ನಾವು ಹೇಗಿದ್ದರೂ ಕೇಳುತ್ತೇವೆ. ಏನು ಬೇಕು ಅಂತ ಹೇಳದ ಮೇಷ್ಟ್ರ ತರಗತಿಯಲ್ಲೇ ಜಾಸ್ತಿ ಕೇಳುವುದು.

ಲೆಕ್ಕದಮೇಡಂ
ಹಳೆಅಧ್ಯಾಪಕರೇ, ನಿಮ್ಮ ಮಾತಿನಲ್ಲಿ ನಿಜ ಇದೆ. ಆದರೆ ನೀವು ಕೊನೆಗೆ ಪ್ರಬಂಧ ಬರೆಸುತ್ತೀರಿ, ಅಂಕ ಕೊಡುತ್ತೀರಿ. ಒಂದಕ್ಕೆ ಜಾಸ್ತಿ, ಒಂದಕ್ಕೆ ಕಡಿಮೆ ಯಾಕೆ ಕೊಟ್ಟಿರಿ ಅನ್ನುವುದಕ್ಕೆ ನಿಮ್ಮ ಮನಸ್ಸಿನಲ್ಲಿ ಕಾರಣ ಇರುತ್ತದೆ. ಅಷ್ಟನ್ನು ಮೊದಲ ದಿನ ಹೇಳಿ ಅನ್ನುವುದಷ್ಟೇ ನಮ್ಮ ಬೇಡಿಕೆ. ಉಳಿದದ್ದು ದಕ್ಕಿದರೆ ಇನ್ನೂ ಒಳ್ಳೆಯದು.

ಹಳೆಅಧ್ಯಾಪಕ
ಕಾರಣ ಇರುತ್ತದೆ, ಆದರೆ ಪ್ರಬಂಧ ಓದಿದ ಮೇಲೆ ಹುಟ್ಟುವ ಕಾರಣವೂ ಇರುತ್ತದೆ. ನಾನು ಪೂರ್ತಿ ಒಪ್ಪುವುದಿಲ್ಲ.

ಹೊಸಮೇಷ್ಟ್ರು
ಎಲ್ಲರಿಗೂ ಥ್ಯಾಂಕ್ಸ್. ಎರಡು ಕಡೆ ಸಿಕ್ಕಿಕೊಂಡಿದ್ದೇನೆ. ಯೂನಿಟ್ 5 ರಿಗ್ರೆಷನ್. ಔಷಧದ ಪ್ರಶ್ನೆಯಲ್ಲೇ "ಎರಡೂ ಗುಂಪಿನ ವಯಸ್ಸು ಬೇರೆ ಬೇರೆ ಇದ್ದರೆ?" ಅಂತ ಕೇಳಿಸಿ, ರಿಗ್ರೆಷನ್‌ನಿಂದ ವಯಸ್ಸಿನ ಪರಿಣಾಮ ಬೇರೆ ಮಾಡುತ್ತೀರಿ ಅಂತ ಹೇಳಬಹುದಾ? ಇನ್ನೊಂದು, ಯೂನಿಟ್ 3ರಲ್ಲಿ ಮೊಮೆಂಟ್ ಜನರೇಟಿಂಗ್ ಫಂಕ್ಷನ್ ಅಂತ ಒಂದು ವಾರದ ಪಾಠ ಇದೆ. ಅದು ಯಾವ ಪ್ರಶ್ನೆಗೂ ಅಂಟಿಕೊಳ್ಳುತ್ತಿಲ್ಲ.

ಇಸ್ಪೀಟುರಾಣಿ
ಮೊದಲನೆಯದರಲ್ಲಿ ಹುಷಾರು. ನಿಮ್ಮ ಫಲಿತಾಂಶ ಗುಣವಾದರು ಅಥವಾ ಇಲ್ಲ, ಎರಡೇ. ಪರಿಚಯ ಕೋರ್ಸಿನಲ್ಲಿ ಕಲಿಸುವುದು ಸರಳ ರೇಖೆಯ ರಿಗ್ರೆಷನ್. ಹೌದು-ಇಲ್ಲ ಫಲಿತಾಂಶಕ್ಕೆ ಸಾಮಾನ್ಯವಾಗಿ ಬಳಸುವುದು ಲಾಜಿಸ್ಟಿಕ್ ರಿಗ್ರೆಷನ್, ಅದು ನಿಮ್ಮ ಸಿಲಬಸ್‌ನಲ್ಲಿ ಇದೆಯಾ? ಇರಲಿಕ್ಕಿಲ್ಲ. ಸಾಲದ್ದಕ್ಕೆ ವಯಸ್ಸು ಮತ್ತು ಔಷಧ ಎರಡನ್ನೂ ಒಟ್ಟಿಗೆ ಇಡಬೇಕು ಅಂದರೆ ಒಂದಕ್ಕಿಂತ ಜಾಸ್ತಿ ಕಾರಣಗಳ ರಿಗ್ರೆಷನ್ ಬೇಕು. ಮೊದಲ ದಿನ ಹೇಳಿ ಕೊನೆಗೆ ಕೊಡದಿದ್ದರೆ ಚುರುಕಾದವರು ಗಮನಿಸುತ್ತಾರೆ. ಅದರ ಬದಲು ಮೂರನೇ ಸಾಲು ಸೇರಿಸಿ: "ಪ್ರತಿ ರೋಗಿಯ ವಯಸ್ಸು ಮತ್ತು ಗುಣವಾಗಲು ಹಿಡಿದ ದಿನ ಗೊತ್ತಿದೆ." ವಯಸ್ಸು ಹತ್ತು ವರ್ಷ ಜಾಸ್ತಿ ಆದರೆ ಸರಾಸರಿ ಎಷ್ಟು ದಿನ ಜಾಸ್ತಿ ಹಿಡಿಯುತ್ತದೆ, ಇದು ಸರಳ ರೇಖೆಗೆ ಸಿಗುವ ಪ್ರಶ್ನೆ. ಆದರೆ ವಾರಕ್ಕೇ ನಿಲ್ಲಿಸಬೇಡಿ, ಎಲ್ಲರೂ ಗುಣವಾಗುವವರೆಗೆ ನೋಡಿದರು ಅಂತ ಕಥೆ ಕಟ್ಟಿ. ಇಲ್ಲದಿದ್ದರೆ ಗುಣವಾಗದವರ ದಿನ ಎಷ್ಟು ಅಂತ ಯಾರಾದರೂ ಕೇಳುತ್ತಾರೆ, ಆ ಉತ್ತರ ಇನ್ನೊಂದು ಕೋರ್ಸಿನದು.

ನೇರನುಡಿ
ಮೊಮೆಂಟ್ ಜನರೇಟಿಂಗ್ ಫಂಕ್ಷನ್ ಬಿಟ್ಟುಬಿಡಿ. ಪ್ರಶ್ನೆಗೆ ಅಂಟದ್ದು ಕೋರ್ಸಿಗೆ ಬೇಡ.

ಹಳೆಅಧ್ಯಾಪಕ
ನೋಡಿ, ನಾನು ಹೆದರಿದ್ದು ಇದಕ್ಕೇ.

ಲೆಕ್ಕದಮೇಡಂ
ಸಿಲಬಸ್‌ನಲ್ಲಿ ಇದ್ದು ಪರೀಕ್ಷೆಗೂ ಬರುವುದಾದರೆ ಬಿಡಲು ಆಗುವುದಿಲ್ಲ. ಸುಳ್ಳು ಸಂಬಂಧ ಕಟ್ಟುವುದೂ ಬೇಡ. "ಇದು ಈ ಪ್ರಶ್ನೆಗೆ ನೇರವಾಗಿ ಬೇಕಾಗುವುದಿಲ್ಲ, ಮುಂದಿನ ವರ್ಷದ ಥಿಯರಿ ಕೋರ್ಸಿಗೆ ಬೇಕು, ಸ್ಯಾಂಪಲ್ ದೊಡ್ಡದಾದಾಗ ಸರಾಸರಿ ಯಾಕೆ ಗಂಟೆಯಾಕಾರದ ಕರ್ವ್‌ಗೆ ಹತ್ತಿರವಾಗುತ್ತದೆ ಅಂತ ಸಾಧಿಸುವ ಒಂದು ದಾರಿ ಇದರ ಮೂಲಕ ಹೋಗುತ್ತದೆ" ಅಂತ ನೇರವಾಗಿ ಹೇಳಿ. ಯಾವುದು ಯಾಕಿದೆ ಅಂತ ಹೇಳಿದರೆ ಅವರು ಒಪ್ಪಿಕೊಳ್ಳುತ್ತಾರೆ.

ಮಾತಿನಮಲ್ಲಿ
ಒಂದು ಡೌಟು. ಮೊದಲ ದಿನ ಎಲ್ಲರೂ ಬರುವುದೇ ಇಲ್ಲವಲ್ಲ! ಅಡ್ಮಿಷನ್ ಮುಗಿಯುವ ಹೊತ್ತಿಗೆ ಎರಡು ವಾರ ಆಗಿರುತ್ತದೆ. ತಡವಾಗಿ ಸೇರಿದವರಿಗೆ ಈ ಬೋರ್ಡು ಎಲ್ಲಿ ಸಿಗುತ್ತದೆ?

ಲೆಕ್ಕದಮೇಡಂ
ಇದನ್ನು ಕೇಳಿದ್ದು ಒಳ್ಳೆಯದಾಯಿತು. ಬೋರ್ಡಿನ ಫೋಟೊ ತೆಗೆದು ಸಿಲಬಸ್ ಹಾಳೆಯ ಜೊತೆ ಹಾಕುತ್ತೇನೆ. ಪ್ರತಿ ಯೂನಿಟ್ ಶುರುವಾಗುವಾಗ ಅದೇ ಫೋಟೊ ತೆರೆದು, "ಈ ಪ್ರಶ್ನೆಗೆ ಈಗ ಬಂದೆವು" ಅಂತ ಎರಡು ನಿಮಿಷ ಮಾತಾಡುತ್ತೇನೆ. ಹಾಗೆ ಮಾಡದಿದ್ದರೆ ಮೊದಲ ದಿನ ಬಂದವರೂ ಮೂರನೇ ವಾರಕ್ಕೆ ಮರೆತಿರುತ್ತಾರೆ.

ಮೊದಲ ದಿನ ಕೆಲಸ ಮಾಡಿತಾ ಅಂತ ತಿಳಿಯಲು ಕೊನೆಯ ಐದು ನಿಮಿಷದಲ್ಲಿ ಒಂದು ಚೀಟಿ ಬರೆಸಿ. "ಯಾವ ಯೂನಿಟ್ ಯಾವ ಪ್ರಶ್ನೆಗೆ, ಒಂದೊಂದು ಸಾಲಿನಲ್ಲಿ." ಹೆಸರು ಬೇಡ. "ಯೂನಿಟ್ 1, ಸ್ಯಾಂಪ್ಲಿಂಗ್" ಅಂತ ಹಾಳೆಯ ಹೆಡ್ಡಿಂಗನ್ನೇ ನಕಲು ಮಾಡಿದ್ದರೆ ಏನೂ ತಲುಪಿಲ್ಲ ಅಂತ ಅರ್ಥ. "ಔಷಧ ಯಾರಿಗೆ ಕೊಟ್ಟರು ಅಂತ ನೋಡುವುದು" ಅಂತ ಬರೆದಿದ್ದರೆ ತಲುಪಿದೆ.

ಹೊಸಮೇಷ್ಟ್ರು
ಸರಿ. ಬೋರ್ಡಿನಲ್ಲಿ ಮೂರು ಸಾಲು, ಕೈ ಎತ್ತಿಸುವುದು, ಪ್ರಶ್ನೆಗಳಿಗೆ 25 ನಿಮಿಷ, ಆಮೇಲೆ ಹಾಳೆ ಮತ್ತು ಅಂಕದ ವಿವರ, ಕೊನೆಗೆ ಚೀಟಿ. ಕಾರ್ಡ್ ಆಟವನ್ನು ಯೂನಿಟ್ 3ಕ್ಕೆ ಇಟ್ಟುಕೊಳ್ಳುತ್ತೇನೆ. 14 ಸಾಲನ್ನು ಆರಕ್ಕೆ ಇಳಿಸಿ ಇಲ್ಲೇ ಹಾಕುತ್ತೇನೆ, ಬೈಯಿರಿ. ಒಂದೇ ಭಯ, ನೂರು ಜನರಲ್ಲಿ ಯಾರೂ ಬಾಯಿ ಬಿಡದಿದ್ದರೆ?

ಲ್ಯಾಬ್‌ಹುಲಿ
ಮೊದಲು ಪಕ್ಕದವರ ಜೊತೆ ಎರಡು ನಿಮಿಷ ಮಾತಾಡಲು ಬಿಡಿ, ಆಮೇಲೆ ಕೇಳಿ. ಎಲ್ಲರೂ ನೋಡುತ್ತಿರುವಾಗ ಒಬ್ಬನೇ ಕೈ ಎತ್ತುವುದು ಕಷ್ಟ. "ನಾವಿಬ್ಬರೂ ಅಂದುಕೊಂಡೆವು" ಅಂತ ಹೇಳುವುದು ಸುಲಭ.

ಕೊನೆಬೆಂಚು
ಸರ್, ಅಂಕದ ವಿವರ ಹಾಳೆಯ ಮೊದಲ ಪುಟದಲ್ಲೇ ಇರಲಿ. ಹಾಳೆ ಕೈಗೆ ಬಂದ ತಕ್ಷಣ ಹುಡುಕುವುದು ಅದನ್ನೇ.

ಶಿಸ್ತಿನಸಿಪಾಯಿ
ಆರು ಸಾಲು ಹಾಕಿದಾಗ ನನಗೂ ಟ್ಯಾಗ್ ಮಾಡಿ. ಪ್ರತಿ ಸಾಲಿನ ಪಕ್ಕ ಅದನ್ನು ಯಾವ ಪರೀಕ್ಷೆಯಲ್ಲಿ, ಎಷ್ಟು ಅಂಕಕ್ಕೆ ಕೇಳುತ್ತೀರಿ ಅಂತಲೂ ಬರೆಯಿರಿ. ಎಲ್ಲೂ ಕೇಳದ ಸಾಲು ಇದ್ದರೆ ಅದನ್ನು ಮಾತ್ರ ನಾನು ಬಿಡುವುದಿಲ್ಲ.